ತಂಗಿ ಮದುವೆ ದಿನದ ಟೈಮ್ ಟೇಬಲ್ ಹಾಕಿದೀನಿ, ಯಾವ ಹೊತ್ತಿಗೆ ಯಾರು ಜವಾಬ್ದಾರಿ ಅಂತ ಒಂದ್ಸಲ ನೋಡಿ ಹೇಳ್ತೀರಾ?

ತಿಪಟೂರು_ಅಣ್ಣಯ್ಯ

ಎಲ್ರಿಗೂ ನಮಸ್ಕಾರ. ಫೆಬ್ರವರಿ ಮಧ್ಯದಲ್ಲಿ ಒಂದು ಭಾನುವಾರ ತಂಗಿ ಮದುವೆ ಇದೆ, ಹೆಣ್ಣಿನ ಕಡೆಯವ್ರು ನಾವೇ, ಛತ್ರ ತುಮಕೂರಲ್ಲಿ. ಹಿಂದಿನ ದಿನ ಸಂಜೆ ವರಪೂಜೆ, ಆರತಕ್ಷತೆ ಎಲ್ಲ ಇದೆ ಅದರ ಬಗ್ಗೆ ನಂಗೆ ಅಷ್ಟು ಭಯ ಇಲ್ಲ, ಹೆಚ್ಚು ಕಮ್ಮಿ ಆದ್ರೂ ಯಾರೂ ಕೇಳಲ್ಲ. ಭಯ ಇರೋದು ಮುಹೂರ್ತದ ದಿನ ಬೆಳಗ್ಗೆ 4 ರಿಂದ ಸಂಜೆ 4 ರ ತನಕ. ಮೀನ ಲಗ್ನ, 8:40 ರಿಂದ 9:50 ರ ಒಳಗೆ. ಬೆಳಗ್ಗೆ ತಿಂಡಿಗೆ ಸುಮಾರು 400 ಜನ, ಊಟಕ್ಕೆ 900 ಅಂತ ಅಂದಾಜು. ಊಟದ ಹಾಲಲ್ಲಿ 220 ಸೀಟು. ಛತ್ರ 4 ಗಂಟೆಗೆ ಖಾಲಿ ಮಾಡಬೇಕು. ನಾನು ಮಾಡಿರೋ ಪಟ್ಟಿ ಇದು:

4:00 ಏಳೋದು, ಸ್ನಾನ – ಅಮ್ಮ
5:00 ಮೇಕಪ್, ಜಡೆ, ಸೀರೆ – ತಂಗಿ ಫ್ರೆಂಡು
6:45 ತಿಂಡಿ ಶುರು – ನಾನು
7:30 ಗೌರಿ ಪೂಜೆ – ಅಮ್ಮ, ಸೋದರತ್ತೆ
8:15 ಗಂಡಿನ ಕಡೆಯವ್ರನ್ನ ಮಂಟಪಕ್ಕೆ ಕರೆಯೋದು – ಅಪ್ಪ, ನಾನು
8:30 ತಂಗಿನ ಕರ್ಕೊಂಡ್ ಬರೋದು – ಸೋದರಮಾವ
8:40 ಮುಹೂರ್ತ – ಪುರೋಹಿತರು. ಓಲಗದವ್ರು, ವಿಡಿಯೋದವ್ರನ್ನ ನೋಡ್ಕೊಳ್ಳೋದು ನಾನು
10:15 ಮುಯ್ಯಿ, ಫೋಟೋ – ಚಿಕ್ಕಪ್ಪ, ನಾನು
11:30 ಊಟ – ಅಪ್ಪ, ನಾನು
2:30 ಹುಡುಗ ಹುಡುಗಿ ಊಟ, ಮನೆಯವ್ರ ಊಟ – ಅಮ್ಮ
3:00 ಮಡಿಲಕ್ಕಿ, ಹೆಣ್ಣು ಒಪ್ಪಿಸೋದು – ಅಪ್ಪ ಅಮ್ಮ
4:00 ಛತ್ರ ಖಾಲಿ, ಲೆಕ್ಕ – ನಾನು

ಏನಾದ್ರೂ ಬಿಟ್ಟೋಗಿದ್ಯಾ?

---

ಮೊಗ್ಗಿನಜಡೆ

5 ಗಂಟೆಗೆ ಮೇಕಪ್ ಅಂತ ಬರೆದಿದೀರಲ್ಲ, ಒಬ್ರೇ ಬ್ಯೂಟಿಷಿಯನ್ನಾ ಇಲ್ಲ ಅಸಿಸ್ಟೆಂಟ್ ಇದಾರಾ? ಯಾಕೆ ಕೇಳ್ತಿದೀನಿ ಅಂದ್ರೆ ಮದುಮಗಳಿಗೆ ಮುಖ, ಕೂದಲು, ಸೀರೆ, ಒಡವೆ ಎಲ್ಲ ಸೇರಿ ಎರಡೂಕಾಲು ಗಂಟೆ ಆರಾಮಾಗಿ ಹೋಗತ್ತೆ. ಮೊಗ್ಗಿನ ಜಡೆ ಇದ್ರೆ ಅದನ್ನ ಕೂರಿಸಿ ಹೊಲಿಯೋಕೇ ಅರ್ಧ ಗಂಟೆ. ಇದು ಲೆಕ್ಕಕ್ಕೆ ಸರಿ ಇದೆ, 7:15ಕ್ಕೆ ಮುಗೀಬೇಕು. ಆದ್ರೆ ಆಗೋದೇನು ಗೊತ್ತಾ, 5:20ಕ್ಕೆ ಬಾಗಿಲು ತಟ್ಟಿ ಅತ್ತೆ ಬರ್ತಾರೆ "ನಂಗೊಂದ್ ಸೀರೆ ನೆರಿಗೆ ಹಿಡಿದುಕೊಡಮ್ಮ", ಹಿಂದೆನೇ ಚಿಕ್ಕಮ್ಮ, ಆಮೇಲೆ ಅಮ್ಮನ ತಲೆ. ಒಬ್ಬೊಬ್ರಿಗೆ 15 ನಿಮಿಷ ಅಂದ್ರೂ ಮುಕ್ಕಾಲು ಗಂಟೆ ಹೋಯ್ತು, ಅದು ಪೂರ್ತಿ ಮದುಮಗಳ ಟೈಮಿಂದಾನೇ ಹೋಗೋದು. ಮುಹೂರ್ತ ಲೇಟಾಗೋದು ಮಂಟಪದಲ್ಲಿ ಅಲ್ಲ, ಈ ರೂಮಲ್ಲಿ. ಆ ಬಾಗಿಲಲ್ಲಿ ನಿಲ್ಲೋಕೆ ತಂಗಿ ಫ್ರೆಂಡಿನ ಕೈಲಿ ಆಗಲ್ಲ, ಅವಳು ನಿಮ್ಮ ಅತ್ತೆಗೆ "ಬೇಡ" ಅಂತ ಹೇಗೆ ಹೇಳ್ತಾಳೆ? ಮನೆಯಲ್ಲಿ ಸ್ವಲ್ಪ ಬಾಯಿರೋ ಅಕ್ಕ ಯಾರಾದ್ರೂ ಇದ್ರೆ ಅವ್ರನ್ನ ಹಾಕಿ. ಮತ್ತೆ ಇನ್ನೊಬ್ಬ ಅಸಿಸ್ಟೆಂಟ್ ಬೇರೆ ರೂಮಲ್ಲಿ ದೊಡ್ಡವ್ರಿಗೆ ಅಂತ ಈಗ್ಲೇ ಮಾತಾಡಿಟ್ಕೊಳಿ.

ತಿಪಟೂರು_ಅಣ್ಣಯ್ಯ

ಅಯ್ಯೋ ಒಬ್ರೇ ಇರೋದು. ಅಮ್ಮಂದೂ ಅವ್ರೇ ಮಾಡ್ತಾರೆ ಅಂತ ಮಾತಾಗಿದೆ.

ಮೊಗ್ಗಿನಜಡೆ

ಹಂಗಿದ್ರೆ ಅಮ್ಮಂದು ಮೊದ್ಲು, 4:15ಕ್ಕೆ. ಅಮ್ಮ ರೆಡಿ ಆದ್ರೆ ಗೌರಿ ಪೂಜೆಗೆ ಜೋಡಿಸ್ಕೋಬಹುದು. ಆದ್ರೆ ನೀವು 4:00 ಏಳಿಸೋದು, ಸ್ನಾನ ಅಂತ ಅಮ್ಮನ ಹೆಸರೇ ಬರೆದಿದೀರ. ಅವ್ರು ಯಾರನ್ನ ಏಳಿಸ್ತಾರೆ, ಅವ್ರಿಗೇ ಯಾರಾದ್ರೂ ಕಾಫಿ ಕೊಡ್ಬೇಕು.

---

ಕಲ್ಪತರು_ನಾಡು

ಭಾನುವಾರ ರಾಹುಕಾಲ ಸಂಜೆ 4:30 ರಿಂದ 6. ಬೆಳಗ್ಗೆ ಏನೂ ತೊಂದ್ರೆ ಇಲ್ಲ, ಮುಹೂರ್ತ ಚೆನ್ನಾಗಿದೆ, ಧೈರ್ಯವಾಗಿ ಮಾಡಿ.

ತಿಪಟೂರು_ಅಣ್ಣಯ್ಯ

ಸಾರ್ ಮುಹೂರ್ತ ಸರಿ ಇದ್ಯಾ ಅಂತ ಕೇಳ್ತಿಲ್ಲ, ಅದು ಮೂರು ಕಡೆ ತೋರಿಸಿ ಆಗಿದೆ. ಕೆಲಸ ಹಂಚೋದ್ರ ಬಗ್ಗೆ.

---

ಲೈಟ್ಸ್_ಅಂಡ್_ತೋರಣ

ಬ್ರೋ ನಾನು ಈವೆಂಟ್ ಮ್ಯಾನೇಜ್ಮೆಂಟಲ್ಲೇ ಇರೋದು, ಮೂರು ವರ್ಷ ಆಯ್ತು. ಇಷ್ಟು ಟೆನ್ಷನ್ ಯಾಕೆ ತಗೋತೀರ, ಒಬ್ಬ ಕೋಆರ್ಡಿನೇಟರ್ ಇಟ್ಬಿಡಿ, ವಾಕಿಟಾಕಿ ಹಿಡ್ಕೊಂಡು ಅವ್ರೇ ಓಡಾಡ್ತಾರೆ, ಮನೆಯವ್ರು ಆರಾಮಾಗಿ ಮದುವೆ ನೋಡಬಹುದು. ಇನ್ನೊಂದು, ಮುಹೂರ್ತ 8:40ಕ್ಕೆ ಶುರು ಅಂದ್ರೆ ಮಂಟಪದಲ್ಲಿ ಎಲ್ಲಾ ಅಲ್ಲಿಂದಾನೇ ಶುರು ಆಗಬೇಕು, ಅದಕ್ಕೂ ಮುಂಚೆ ಏನೂ ಮಾಡಂಗಿಲ್ಲ. ಅದಕ್ಕೇ ಎಂಟ್ರಿ 8:38ಕ್ಕೆ ಇಡಿ, ಫಾಗ್ ಹಾಕಿ ಮ್ಯೂಸಿಕ್ ಜೊತೆ ಚೆನ್ನಾಗಿ ಬರತ್ತೆ.

ಛತ್ರದ_ಬೀಗದಕೈ

ನಾನು ಮೈಸೂರಲ್ಲಿ ಒಂದು ಛತ್ರದಲ್ಲಿ ಮ್ಯಾನೇಜರ್ ಆಗಿ 14 ವರ್ಷ ಆಯ್ತು. ಎಷ್ಟು ಮದುವೆ ನೋಡಿದೀನಿ ಅಂತ ಲೆಕ್ಕ ಇಟ್ಟಿಲ್ಲ. ನಿಮ್ಮ ಪಟ್ಟಿ ನೋಡಿದ ತಕ್ಷಣ ನಂಗೆ ಕಂಡಿದ್ದು ಒಂದೇ ತಪ್ಪು ಸ್ವಾಮಿ, ಆ ಒಂದು ತಪ್ಪೇ ಐದಾರು ಕಡೆ ಇದೆ.

ಶಾಸ್ತ್ರದಲ್ಲಿ ಯಾರಿಗೆ ಪಾತ್ರ ಇದೆಯೋ ಅವ್ರಿಗೇ ಕೆಲಸನೂ ಕೊಟ್ಟಿದೀರ. ನೀವು ಹುಡುಗಿಗೆ ಅಣ್ಣ ಅಲ್ವಾ, ಲಾಜಹೋಮಕ್ಕೆ ತಂಗಿ ಕೈಗೆ ಅರಳು ಹಾಕೋರು ಯಾರು? ನೀವೇ. ಪಂಚೆ ಉಟ್ಕೊಂಡು ಮಂಟಪದಲ್ಲಿ ಕೂತಿರ್ತೀರ. ಅದೇ ಹೊತ್ತಿಗೆ ಓಲಗ ನೋಡೋದು ನಾನು, ವಿಡಿಯೋ ನೋಡೋದು ನಾನು ಅಂತ ಬರೆದಿದೀರ. ನಿಮ್ಮ ತಂದೆ ಧಾರೆ ಎರೆಯೋಕೆ ಹಸೆಮಣೆ ಮೇಲೆ ಕೂತ್ರೆ ಒಂದು ಗಂಟೆ ಏಳೋಕಾಗಲ್ಲ, ತಾಯಿನೂ ಅಷ್ಟೇ. ಸೋದರಮಾವ ಹುಡುಗಿನ ಕರ್ಕೊಂಡು ಬರಬೇಕು. ಕಳಶ ಹಿಡಿಯೋ ಕಳಶಗಿತ್ತಿ ಅಂತ ಒಬ್ರು ಇರ್ತಾರೆ, ಅವ್ರಿಗೂ ಎದ್ದು ಓಡಾಡೋ ಹಾಗಿಲ್ಲ. ಇಷ್ಟು ಜನರ ಹೆಸರು ಬೆಳಗ್ಗೆ 7 ರಿಂದ 10:30 ರ ತನಕ ಯಾವ ಕೆಲಸದ ಮುಂದೇನೂ ಇರಬಾರ್ದು. ಮೊದ್ಲು ಒಂದು ಹಾಳೇಲಿ ಇವ್ರ ಹೆಸರು ಬರೆದು ಅಡ್ಡ ಗೀಟು ಹಾಕಿ. ಉಳಿದೋರಲ್ಲಿ ಹುಡುಕಿ. ಭಾವಂದಿರು, ದೊಡ್ಡಪ್ಪನ ಮಕ್ಕಳು, ನಿಮ್ಮ ಆಫೀಸ್ ಫ್ರೆಂಡ್ಸು, ಪಕ್ಕದ ಮನೆ ಮೇಷ್ಟ್ರು, ಹಿಂಗೆ.

ಜೇಬು ಬೇರೆ ಇರಲ್ಲ ನೋಡಿ ಆ ಪಂಚೇಲಿ. ಫೋನು ಎಲ್ಲಿಟ್ಕೋತೀರ? ಹತ್ತು ಗಂಟೆ ಹೊತ್ತಿಗೆ ಅಡುಗೆಯವ್ರು, ಹೂವಿನವ್ರು, ಜನರೇಟರ್ ಹುಡುಗ ಎಲ್ರೂ ನಿಮಗೇ ಫೋನ್ ಮಾಡ್ತಿರ್ತಾರೆ, ಅದು ರೂಮಲ್ಲಿ ಬಡ್ಕೊಳ್ತಾ ಬಿದ್ದಿರತ್ತೆ. ಎಲ್ಲ ಸಪ್ಲೈಯರ್ಸ್ ಹತ್ರ ನಿಮ್ಮ ನಂಬರ್ ಬದಲು ಇನ್ನೊಬ್ರ ನಂಬರ್ ಇರಬೇಕು, ಅದನ್ನ ಹಿಂದಿನ ದಿನವೇ ಹೇಳಿರಬೇಕು.

ಈವೆಂಟ್ ನವ್ರು ಹೇಳಿದ್ದು ಅರ್ಧ ಒಪ್ತೀನಿ. ಕೋಆರ್ಡಿನೇಟರ್ ಇದ್ರೆ ಲೈಟು, ಮೈಕು, ಸ್ಟೇಜು, ಕುರ್ಚಿ ಎಲ್ಲ ಸರಿಯಾಗಿ ಆಗತ್ತೆ. ಆದ್ರೆ ಬೀಗರಲ್ಲಿ ಯಾರನ್ನ ಮೊದ್ಲು ಊಟಕ್ಕೆ ಕರೀಬೇಕು, ಆರತಿಗೆ ಯಾರನ್ನ ಕರೀದಿದ್ರೆ ಮುನಿಸ್ಕೋತಾರೆ, ಯಾರ ಕೈಗೆ ದುಡ್ಡು ಕೊಟ್ಟು ಅಡ್ವಾನ್ಸ್ ತೀರಿಸ್ಬೇಕು, ಇದು ಬಾಡಿಗೆ ಹುಡುಗನಿಗೆ ಗೊತ್ತಾಗಲ್ಲ. ಒಂದ್ಸಲ ನಮ್ಮ ಛತ್ರದಲ್ಲೇ ಕೋಆರ್ಡಿನೇಟರ್ ಹುಡುಗ ಗಂಡಿನ ದೊಡ್ಡಪ್ಪನ್ನ "ಅಂಕಲ್ ನೆಕ್ಸ್ಟ್ ಪಂಕ್ತಿಗೆ ಬನ್ನಿ" ಅಂತ ಬಾಗಿಲಲ್ಲಿ ನಿಲ್ಲಿಸ್ದ. ಆಮೇಲಿನ ಕಥೆ ಬೇಡ ಬಿಡಿ.

ಮುಹೂರ್ತದ ವಿಷಯ ಮಾತ್ರ ಅವ್ರು ಹೇಳಿದ್ದು ತಪ್ಪು. ಲಗ್ನದ ಒಳಗೆ ಆಗಬೇಕಾಗಿರೋದು ಮಾಂಗಲ್ಯಧಾರಣೆ, ಅದರ ಹಿಂದುಮುಂದಿನ ಮುಖ್ಯ ಭಾಗ. ಅದಕ್ಕಿಂತ ಮುಂಚಿನ ಸಂಕಲ್ಪ, ಗಂಡಿನ ಪೂಜೆ, ಕಾಲು ತೊಳೆಯೋದು ಇವೆಲ್ಲ ಲಗ್ನಕ್ಕೆ ಮುಂಚೆಯೇ ಶುರು ಮಾಡ್ತಾರೆ. 8:38ಕ್ಕೆ ಹುಡುಗಿ ಕುಣ್ಕೊಂಡು ಎಂಟ್ರಿ ಕೊಟ್ರೆ ತಾಳಿ ಕಟ್ಟೋದು 9:45, ಎದೆ ಡವಡವ. ಒಂದೊಂದು ಮನೆತನದ ಪದ್ಧತಿ ಒಂದೊಂದು ಥರ, ಅದಕ್ಕೇ ಪುರೋಹಿತ್ರನ್ನ ಒಂದೇ ಪ್ರಶ್ನೆ ಕೇಳಿ: "ತಾಳಿ ಎಷ್ಟು ಗಂಟೆಗೆ ಕಟ್ಟಿಸ್ಬೇಕು ಅಂತಿದೀರಾ, ಅದಕ್ಕೆ ಹುಡುಗ ಎಷ್ಟೊತ್ತಿಗೆ ಕೂರಬೇಕು, ಹುಡುಗಿ ಎಷ್ಟೊತ್ತಿಗೆ ಬರಬೇಕು?" ಆ ಮೂರು ಟೈಮ್ ಸಿಕ್ಕಿದ್ರೆ ಹಿಂದಕ್ಕೆ ಲೆಕ್ಕ ಹಾಕೊಂಡು ಹೋಗಬಹುದು.

ಲೈಟ್ಸ್_ಅಂಡ್_ತೋರಣ

ಓಕೆ ಸರ್, ನಮ್ಗೆ ಕ್ಲೈಂಟ್ ಹೇಳೋದೇ ಕಾರ್ಡಲ್ಲಿರೋ ಟೈಮು, ಅದಕ್ಕೆ ಹಂಗಂದೆ. ಆದ್ರೆ ಫಾಗ್ ಕೆಟ್ಟದ್ದೇನಲ್ಲ 😅

---

ತಿಪಟೂರು_ಅಣ್ಣಯ್ಯ

ಸಾರ್ ಕೈಮುಗಿದೆ. ಅರಳಿನ ವಿಷಯ ತಲೇಲೇ ಇರ್ಲಿಲ್ಲ. ಈಗ್ಲೇ ಪುರೋಹಿತ್ರಿಗೆ ಫೋನ್ ಮಾಡ್ದೆ. ತಾಳಿ 9:10 ರಿಂದ 9:20 ರ ಒಳಗೆ ಅಂದ್ರು, ಹುಡುಗ 8:00ಕ್ಕೆ ಮಂಟಪದಲ್ಲಿ ಕೂತಿರಬೇಕು, ಹುಡುಗಿ 8:40ಕ್ಕೆ ಅಂತರಪಟದ ಈಚೆ ನಿಂತಿರಬೇಕು ಅಂತೆ. ಅಂದ್ರೆ ನಾನು 8:15ಕ್ಕೆ ಕರೆಯೋದು ಅಂತ ಬರೆದಿದ್ದೇ ತಪ್ಪು. ಗಂಡಿನ ಕಡೆಯವ್ರನ್ನ 7:45ಕ್ಕೇ ಕರೀಬೇಕು. ಅವ್ರು ತಿಂಡಿ ತಿಂದು ಮುಗಿಸಿರಬೇಕು ಅಂದ್ರೆ ತಿಂಡಿ 6:30ಕ್ಕೆ ರೆಡಿ ಇರಬೇಕು. ಗೌರಿ ಪೂಜೆನೂ 7:30ಕ್ಕೆ ಶುರುವಾದ್ರೆ 8:10, ಆಮೇಲೆ ಧಾರೆ ಸೀರೆ ಬದಲಾಯಿಸೋಕೆ ಅರ್ಧ ಗಂಟೆ, ಸರಿಹೋಗತ್ತೆ ಆದ್ರೆ ಉಸಿರಾಡೋಕೆ ಜಾಗ ಇಲ್ಲ.

ಮೊಗ್ಗಿನಜಡೆ

ಸೀರೆ ಬದಲಾಯಿಸೋದು ಇದೆ ಅಂತ ಮೊದ್ಲೇ ಹೇಳ್ಬಾರ್ದಾ! ಹಂಗಿದ್ರೆ ಬ್ಯೂಟಿಷಿಯನ್ 7:15ಕ್ಕೆ ಹೊರಟುಬಿಡ್ತಾರಾ ಇರ್ತಾರಾ ಕೇಳಿ. ಅವ್ರಿಗೆ ಅವತ್ತೇ ಇನ್ನೊಂದು ಮದುವೆ ಇದ್ರೆ ಹೋಗ್ಬಿಡ್ತಾರೆ. ಗೌರಿ ಪೂಜೆನ 7:10ಕ್ಕೆ ಎಳೀರಿ, ಮೇಕಪ್ 4:40ಕ್ಕೆ ಕೂರಿಸಿ.

ತಿಪಟೂರು_ಅಣ್ಣಯ್ಯ

ಆಗ ಅಮ್ಮಂದು?

ಮೊಗ್ಗಿನಜಡೆ

ಅಮ್ಮನ ತಲೆಗೆ ತುರುಬು ಹೂವು ಸಾಕು ಕಣ್ರೀ, ನಾನ್ ಬಂದು ಹಾಕ್ಲಾ? ಅಸಿಸ್ಟೆಂಟ್ ಇಡಿ ಅಂತ ಆಗ್ಲೇ ಹೇಳ್ದೆ.

---

ಮಲ್ಲಸಜ್ಜನ_ಮೊಮ್ಮಗ

ನಮ್ ಧಾರವಾಡ ಕಡೆ ಈ ತ್ರಾಸ ಇಲ್ರೀ. ಅಕ್ಷತಾ ಮಧ್ಯಾಹ್ನ 12 ದಾಟಿದ ಮ್ಯಾಲೆ, 12:30 ಸುಮಾರ ಇಟ್ಕೊಂತೀವಿ, ಅಕ್ಕಿಕಾಳ ಬಿದ್ದ ಕೂಡ್ಲೆ ಮಂದಿ ಸೀದಾ ಊಟಕ್ಕ. ಮುಂಜಾನೆ ಅರಿಷಿಣ, ಸುರಗಿ ಎಲ್ಲಾ ನಿವಾಂತ ಮುಗಸ್ತಾರ. ಆದ್ರ ಒಂದ್ ಮಾತ, ಅಲ್ಲಿ ಅಕ್ಷತಾ ಮುಗದ್ ಮ್ಯಾಲೆ ಸಾವಿರ ಮಂದಿ ಒಮ್ಮೆಲೆ ಊಟದ ಮನಿಗೆ ನುಗ್ತಾರ, ಆಗ ಬಾಗಲಾಗ ನಿಂದರಾಕ ಗಟ್ಟಿ ಮನಷ್ಯಾ ಬೇಕ್ರಿ. ನಮ್ ಅಣ್ಣನ ಮದುವ್ಯಾಗ ನನ್ನ ನಿಂದ್ರಿಸಿದ್ರು, ನಾ ಆಗ ಎಸ್ಸೆಸ್ಸೆಲ್ಸಿ. ಮಂದಿ ನನ್ನೂ ಒಳಗ ನೂಕ್ಕೊಂಡ ಹೋಗಿ ಕುಂತ್ರು, ನಾನೂ ಉಂಡೆ.

ಛತ್ರದ_ಬೀಗದಕೈ

ಹಹ್ಹ. ಆ ಬಾಗಿಲ ವಿಷಯ ನಾನೂ ಹೇಳಬೇಕು ಅಂತಿದ್ದೆ, ಊಟದ ಲೆಕ್ಕ ಈಗ ಹಾಕೋಣ.

220 ಸೀಟು ಅಂದ್ರೂ ಒಂದು ಪಂಕ್ತಿಗೆ 200 ಅಂತ ಇಟ್ಕೊಳಿ, ಅಲ್ಲಲ್ಲಿ ಒಂದೊಂದು ಖಾಲಿ ಉಳಿಯತ್ತೆ, "ಇಲ್ಲಿ ನಮ್ಮೋರು ಬರ್ತಾರೆ" ಅಂತ ಕರ್ಚೀಫ್ ಹಾಕೋರು ಇರ್ತಾರೆ. 900 ಜನ ಅಂದ್ರೆ ನಾಲ್ಕೂವರೆ ಪಂಕ್ತಿ, ಅಂದ್ರೆ ಐದು. ಒಂದು ಪಂಕ್ತಿಗೆ ಕೂರೋದು, ಬಡಿಸೋದು, ಉಣ್ಣೋದು, ಎಲೆ ತೆಗೆದು ಟೇಬಲ್ ಒರೆಸಿ ಮತ್ತೆ ಎಲೆ ಹಾಕೋದು ಎಲ್ಲ ಸೇರಿ 45 ನಿಮಿಷ. ಬೇಗ ಮುಗಿಸ್ತೀವಿ ಅಂತ ಕಂಟ್ರಾಕ್ಟರ್ ಹೇಳ್ತಾರೆ, ನಂಬಬೇಡಿ, ಹೋಳಿಗೆ ಇದ್ದ ದಿನ ಇನ್ನೂ ಐದು ನಿಮಿಷ ಜಾಸ್ತಿ. 11:30ಕ್ಕೆ ಶುರು ಮಾಡಿದ್ರೆ ಐದನೇ ಪಂಕ್ತಿ ಏಳೋದು 3:15. ಆಮೇಲೆ ಬಡಿಸಿದ ಹುಡುಗರು, ಓಲಗದವ್ರು, ಡ್ರೈವರ್ಸು, ವಿಡಿಯೋದವ್ರು ಉಣ್ಣಬೇಕು. ಪಾತ್ರೆ ತೊಳೆದು ನನ್ನಂಥೋನಿಗೆ ಎಣಿಸಿ ಕೊಡಬೇಕು. 4 ಗಂಟೆಗೆ ಖಾಲಿ ಎಲ್ಲಿಂದ ಬಂತು?

ನಿಮ್ಮ ತಾಳಿ 9:20ಕ್ಕೆ ಮುಗಿಯತ್ತೆ. ಬೆಳಗ್ಗೆ ಬಂದವ್ರು ಅಕ್ಷತೆ ಹಾಕಿ 10:30ಕ್ಕೆಲ್ಲ ವಾಚ್ ನೋಡೋಕೆ ಶುರು ಮಾಡ್ತಾರೆ. 11:00ಕ್ಕೆ ಮೊದಲನೇ ಪಂಕ್ತಿ ಹಾಕಿಸಿ, ಆಗ 2:45ಕ್ಕೆ ಮುಗಿಯತ್ತೆ. ಆದ್ರೆ ಇದನ್ನ ಅಡುಗೆಯವ್ರಿಗೆ ಹಿಂದಿನ ದಿನ ರಾತ್ರಿಯೇ ಹೇಳಿರಬೇಕು. ಬೆಳಗ್ಗೆ ಹೇಳಿದ್ರೆ ತಿಂಡಿ ಪಾತ್ರೆ ಇನ್ನೂ ಒಲೆ ಮೇಲಿರತ್ತೆ.

ಬಾಗಿಲಲ್ಲಿ ಒಬ್ಬ, ಉಗ್ರಾಣದಲ್ಲಿ ಒಬ್ಬ, ಇಬ್ರು ಬೇಕೇ ಬೇಕು. ಬಾಗಿಲಲ್ಲಿರೋನು ಪ್ರತಿ ಪಂಕ್ತಿ ಕೂತ ಮೇಲೆ ಎಲೆ ಎಣಿಸಿ ನೋಟ್ ಬುಕ್ಕಲ್ಲಿ ಬರೆದು ಕಂಟ್ರಾಕ್ಟರ್ ಕಡೆ ಹುಡುಗನ ಸಹಿ ಅಲ್ಲೇ ಹಾಕಿಸ್ಬೇಕು. ಎಲೆ ಲೆಕ್ಕದಲ್ಲಿ ದುಡ್ಡು ಕೊಡೋದಾದ್ರೆ ಸಂಜೆ ಕೂತು "ನೀವು 1040 ಅಂದ್ರಿ, ನಾವು 930 ಅಂದ್ವಿ" ಅನ್ನೋ ಜಗಳ ಇದರಿಂದ ನಿಲ್ಲತ್ತೆ. ಉಗ್ರಾಣದಲ್ಲಿರೋನು ಮೂರನೇ ಪಂಕ್ತಿ ನಡೀವಾಗ ಹೊರಗೆ ಬಂದು ಇನ್ನೆಷ್ಟು ಜನ ಇದಾರೆ ಅಂತ ಕಣ್ಣಲ್ಲೇ ನೋಡಿ ಭಟ್ಟರಿಗೆ ಹೇಳಬೇಕು, ಇನ್ನೊಂದು ಒಲೆ ಅನ್ನಕ್ಕೆ ಇಡೋದಾ ಬೇಡ್ವಾ ಅಂತ. ಅನ್ನ ಒಲೆ ಮೇಲಿಟ್ಟು ಬಸಿದು ಬರೋಕೆ ಮುಕ್ಕಾಲು ಗಂಟೆ ಬೇಕು, ಅಂದ್ರೆ ಐದನೇ ಪಂಕ್ತಿಯ ಅನ್ನದ ತೀರ್ಮಾನ ಮೂರನೇ ಪಂಕ್ತೀಲೇ ಆಗಬೇಕು. ನಾಲ್ಕನೇದ್ರಲ್ಲಿ ಹೇಳಿದ್ರೆ ಲೇಟಾಯ್ತು. ಕೊನೆ ಪಂಕ್ತೀಲಿ ಕೂರೋದು ನಿಮ್ಮ ಮನೆಯವ್ರೇ, ಅನ್ನ ಕಮ್ಮಿ ಆದ್ರೆ ಉಪವಾಸ ನೀವೇ.

ಬೀಗರನ್ನ ಊಟಕ್ಕೆ ಕರೆಯೋ ಕೆಲಸ ಮಾತ್ರ ಹುಡುಗರಿಗೆ ಕೊಡಬೇಡಿ. ನಿಮ್ಮ ದೊಡ್ಡಪ್ಪನೋ ಚಿಕ್ಕಪ್ಪನೋ ಅವ್ರ ರೂಮಿನ ತನಕ ಹೋಗಿ, ಕೈಮುಗಿದು, ಜೊತೇಲಿ ಕರ್ಕೊಂಡು ಬಂದು ಕೂರಿಸ್ಬೇಕು.

---

ಸಕ್ಕರೆ_ಅಚ್ಚು

ನಮ್ಮ ಮನೆ ಮದುವೆಲಿ ಆಗಿದ್ದು ಹೇಳ್ತೀನಿ. ತಾಳಿ, ಕಾಲುಂಗುರ, ಧಾರೆ ಸೀರೆ ಎಲ್ಲಾ ಒಂದು ಸೂಟ್ ಕೇಸಲ್ಲಿ ಇಟ್ಟು ರೂಮಿಗೆ ಬೀಗ ಹಾಕಿದ್ವಿ ಸೇಫಾಗಿರ್ಲಿ ಅಂತ. ಬೀಗದ ಕೈ ಮಾವನ ಜೇಬಲ್ಲಿ. ಮಾವ ಎಲ್ಲಿ? ಹೂವಿನ ಹಾರ ಕಮ್ಮಿ ಬಂತು ಅಂತ ಬೈಕ್ ತಗೊಂಡು ಮಾರ್ಕೆಟ್ಟಿಗೆ ಹೋಗಿದಾರೆ! ಪುರೋಹಿತ್ರು ಮಾಂಗಲ್ಯ ತಗೊಂಬನ್ನಿ ಅಂತಿದಾರೆ, ಇಲ್ಲಿ ರೂಮ್ ಬಾಗಿಲ ಮುಂದೆ ಹದಿನೈದು ಜನ. ಕೊನೆಗೆ ಛತ್ರದವ್ರ ಹತ್ರ ಇನ್ನೊಂದು ಕೀ ಇತ್ತು ಉಳ್ಕೊಂಡ್ವಿ. ಆವತ್ತಿಂದ ನಮ್ಮ ಮನೇಲಿ ರೂಲು, ಮಾಂಗಲ್ಯದ ಚೀಲ ಹಿಡಿಯೋ ಹೆಂಗಸು ಒಬ್ಬರೇ, ಅವ್ರು ಬೇರೆ ಏನೂ ಮಾಡಂಗಿಲ್ಲ, ಮಂಟಪದ ಪಕ್ಕ ಕುರ್ಚೀಲಿ ಕೂತಿರೋದೇ ಕೆಲಸ. ತಿಂಡಿನೂ ಅಲ್ಲಿಗೇ.

ತಿಪಟೂರು_ಅಣ್ಣಯ್ಯ

ಇದು ಸೂಪರ್. ನಮ್ಮ ದೊಡ್ಡಮ್ಮ ಇದಕ್ಕೆ ಹೇಳಿ ಮಾಡಿಸಿದ ಹಾಗಿದಾರೆ, ಮಂಡಿ ನೋವು ಬೇರೆ, ಓಡಾಡೋಕೆ ಆಗಲ್ಲ.

---

ಬ್ಯಾಚುಲರ್_ಬಸವಣ್ಣ

ಇಷ್ಟೆಲ್ಲ ಯಾಕೆ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮೂರು ಜನ ಸಾಕ್ಷಿ ಸಹಿ ಹಾಕಿದ್ರೆ ಮುಗೀತು, ಆಮೇಲೆ ಹೋಟೆಲಲ್ಲಿ ದೋಸೆ. ನನ್ನ ಫ್ರೆಂಡ್ ಹಂಗೇ ಆಗಿದ್ದು.

ಸಕ್ಕರೆ_ಅಚ್ಚು

ನಿಮ್ಮ ಮದುವೆಲಿ ಹಂಗೇ ಮಾಡ್ಕೊಳಿ ಅಣ್ಣ. ಅದಕ್ಕೆ ಮೊದ್ಲು ಹುಡುಗಿ ಸಿಗ್ಲಿ.

---

ಓಲಗದ_ಮನೆಯೋನು

ನಮ್ಮ ತಂದೆ ನಾದಸ್ವರ, ನಾನು ಡೋಲು. ಒಂದೇ ಒಂದು ಮಾತು ಸೇರಿಸ್ಕೊಳಿ. ಈಗಿನ ಸ್ಟೇಜ್ ಡೆಕೊರೇಶನ್ ಆದ್ಮೇಲೆ ನಮ್ಮನ್ನ ಪಕ್ಕಕ್ಕೆ ಇಲ್ಲ ಕೆಳಗೆ ಮೂಲೇಲಿ ಕೂರಿಸ್ತಾರೆ. ಮುಂದೆ ವಿಡಿಯೋದವ್ರು, ಡ್ರೋನ್ ಹುಡುಗ, ಮೊಬೈಲ್ ಹಿಡ್ಕೊಂಡಿರೋರು ಐವತ್ತು ಜನ. ತಾಳಿ ಕಟ್ಟೋದು ನಮಗೆ ಕಾಣಲ್ಲ, ಪುರೋಹಿತ್ರು ಗಟ್ಟಿಮೇಳ ಅಂದಿದ್ದು ಕೇಳಲ್ಲ. ನಾವು ಬಾರಿಸೋದು ಎರಡು ನಿಮಿಷ ಲೇಟಾದ್ರೆ ಬೈಗುಳ ನಮಗೆ. ಮಂಟಪನೂ ಕಾಣ್ಬೇಕು ನಾವೂ ಕಾಣ್ಬೇಕು ಅಂಥ ಜಾಗದಲ್ಲಿ ಒಬ್ಬ ಹುಡುಗ ನಿಂತು ಕೈ ಎತ್ತಿದ್ರೆ ಸಾಕು. ಅವನೇ ಜನಕ್ಕೆ ಅಕ್ಷತೆ ಹಂಚಿದ್ಯಾ ಅಂತನೂ ನೋಡ್ಕೋಬಹುದು. ತಾಳಿಗೆ ಹತ್ತು ನಿಮಿಷ ಮುಂಚೆ ತಟ್ಟೆ ಹಿಡಿದು ನಾಲ್ಕು ಮಕ್ಕಳನ್ನ ಬಿಟ್ರೆ ಹಿಂದಿನ ಸಾಲಿನ ತನಕ ಅಕ್ಷತೆ ಹೋಗತ್ತೆ, ಇಲ್ಲಾಂದ್ರೆ ಮುಂದಿನ ಎರಡು ಸಾಲು ಅಷ್ಟೇ. ಮತ್ತೆ ನಮಗೆ ತಿಂಡಿ 7 ಗಂಟೆ ಒಳಗೆ ಕೊಡ್ಸಿ ಸ್ವಾಮಿ, ಬಾಯಲ್ಲಿ ಊದೋ ಕೆಲಸ.

---

ತಿಪಟೂರು_ಅಣ್ಣಯ್ಯ

ಎಲ್ಲ ಸೇರಿಸಿ ಹೊಸದಾಗಿ ಬರೆದೆ. ಬೆಳಗ್ಗೆ 3:30ಕ್ಕೆ ಛತ್ರದ ಬಾಯ್ಲರ್ ಹಚ್ಚಿಸೋದು, ರೂಮ್ ರೂಮ್ ತಟ್ಟೋದು ದೊಡ್ಡಪ್ಪನ ಮಗ (ಅವನಿಗೆ ಹೆಂಗೂ ನಿದ್ದೆ ಬರಲ್ಲ). 4:40 ರಿಂದ ಮೇಕಪ್ ರೂಮ್ ಬಾಗಿಲು ದೊಡ್ಡ ಅಕ್ಕ, ಅಸಿಸ್ಟೆಂಟ್ ಸಿಕ್ಕಿದಾರೆ ಎಕ್ಸ್ಟ್ರಾ ದುಡ್ಡಿಗೆ. 6:30 ತಿಂಡಿ ಶುರು, ಓಲಗದವ್ರಿಗೆ ಮೊದ್ಲು, ಇದನ್ನ ನೋಡೋದು ನನ್ನ ಆಫೀಸ್ ಫ್ರೆಂಡ್ ಇಬ್ರು, ತಿಂಡಿ ಹಾಲು 9:30 ರ ತನಕ ಮುಚ್ಚಲ್ಲ ಯಾಕಂದ್ರೆ ಬೆಂಗಳೂರಿಂದ ಬರೋರು 8:45ಕ್ಕೆ ಬಂದಿಳಿಯೋದು. 7:10 ಗೌರಿ ಪೂಜೆ, ಸಾಮಾನು ಜೋಡಿಸೋದು ಸೋದರತ್ತೆ, ಪುರೋಹಿತ್ರ ಪಟ್ಟಿ ಹಿಂದಿನ ರಾತ್ರಿಯೇ ಟಿಕ್ ಹಾಕಿರ್ತಾರೆ. 7:45 ಬೀಗರನ್ನ ಮಂಟಪಕ್ಕೆ ಕರೆಯೋದು ಚಿಕ್ಕಪ್ಪ. 8:35 ಸೋದರಮಾವ ತಂಗಿನ ಕರ್ಕೊಂಡು ಹೊರಡೋದು. ಮಾಂಗಲ್ಯದ ಚೀಲ ದೊಡ್ಡಮ್ಮ. ಓಲಗಕ್ಕೆ ಕೈ ಎತ್ತೋದು, ಅಕ್ಷತೆ ಮಕ್ಕಳು, ಭಾವ. 11:00 ಊಟದ ಬಾಗಿಲು ಆಫೀಸ್ ಫ್ರೆಂಡ್ಸು, ಉಗ್ರಾಣ ಪಕ್ಕದ ಮನೆ ಅಂಕಲ್, ಅವ್ರು ರಿಟೈರ್ಡ್ ಬ್ಯಾಂಕಿನವ್ರು ಒಂದು ಸೌಟೂ ಆಚೆ ಬಿಡಲ್ಲ. ಎಲ್ಲ ಸಪ್ಲೈಯರ್ಸ್ ಫೋನು ಭಾವಂಗೆ.

ಉಳಿದಿರೋದು ಮುಯ್ಯಿ ಮತ್ತೆ ಹುಡುಗ ಹುಡುಗಿ ಊಟ.

ಛತ್ರದ_ಬೀಗದಕೈ

ಭಾವಂಗೆ ಮೂರು ಕೆಲಸ ಆಯ್ತು ನೋಡಿ. ಮಂಟಪ ನೋಡೋನ ಕೈಯಲ್ಲಿ ಸಪ್ಲೈಯರ್ಸ್ ಫೋನ್ ಬೇಡ, ತಾಳಿ ಹೊತ್ತಲ್ಲೇ ಹೂವಿನವನು ಬ್ಯಾಲೆನ್ಸ್ ಕೇಳೋಕೆ ಫೋನ್ ಮಾಡ್ತಾನೆ.

ಮುಯ್ಯಿದು ಲೆಕ್ಕ ಇಷ್ಟೇ. 900 ಜನ ಅಂದ್ರೆ ಸುಮಾರು 300 ಕುಟುಂಬ. ಸ್ಟೇಜ್ ಹತ್ತಿ, ಕೈಕೊಟ್ಟು, ಕವರ್ ಕೊಟ್ಟು, ಫೋಟೋ ತೆಗೆಸ್ಕೊಂಡು ಇಳಿಯೋಕೆ ಅರ್ಧ ನಿಮಿಷ. ಒಟ್ಟು ಎರಡೂವರೆ ಗಂಟೆ, ಯಾರೂ ನಿಂತು ಮಾತಾಡದಿದ್ರೆ. 10:30ಕ್ಕೆ ಶುರುವಾದ್ರೆ 1:00. ಒಬ್ರು ಸ್ಟೇಜ್ ಮೆಟ್ಟಿಲಲ್ಲಿ ಸಾಲು ಬಿಡೋಕೆ, ಒಬ್ರು ಹುಡುಗಿ ಹಿಂದೆ ಕವರ್ ಚೀಲಕ್ಕೆ. ಚೀಲ ಹಿಡಿಯೋರು ರಕ್ತ ಸಂಬಂಧದವ್ರೇ ಆಗಿರ್ಲಿ.

ಸಕ್ಕರೆ_ಅಚ್ಚು

1 ಗಂಟೆ ತನಕ ಹುಡುಗಿ ಏನೂ ತಿಂದಿರಲ್ಲ. ಬೆಳಗ್ಗೆಯಿಂದ ಉಪವಾಸ, ಹೋಮದ ಹೊಗೆ, ಆ ಭಾರದ ಸೀರೆ. 12ಕ್ಕೆ ಸಾಲು ನಿಲ್ಲಿಸಿ ಅರ್ಧ ಗಂಟೆ ಊಟ ಮಾಡಿಸಿ. ನಮ್ಮ ಅಕ್ಕ ಸ್ಟೇಜಲ್ಲೇ ತಲೆ ಸುತ್ತಿ ಕೂತ್ಬಿಟ್ಲು.

ಛತ್ರದ_ಬೀಗದಕೈ

ಸಾಲು ನಿಲ್ಲಿಸಿದ್ರೆ ದೂರದಿಂದ ಬಂದೋರು ಸಿಟ್ಟಾಗ್ತಾರಮ್ಮ, ಅರ್ಧ ಗಂಟೆ ಅಂದಿದ್ದು ಒಂದು ಗಂಟೆ ಆಗತ್ತೆ, ಕೊನೆಗೆ ಸಾಲು 2:30 ತನಕ ಎಳೆಯತ್ತೆ. ಪರದೆ ಹಿಂದೆ ಕರೆದು ಹಾಲು, ಬಾಳೆಹಣ್ಣು ಕೊಟ್ಟು ಮುಂದುವರೆಸಿ.

ಮೊಗ್ಗಿನಜಡೆ

ಬಾಳೆಹಣ್ಣಲ್ಲಿ ಹೊಟ್ಟೆ ತುಂಬತ್ತಾ ಸಾರ್? ಗಂಡಸರು ಹೇಳೋ ಮಾತು. ನನ್ನ ವೋಟು ಊಟಕ್ಕೆ.

ಮಲ್ಲಸಜ್ಜನ_ಮೊಮ್ಮಗ

ನಮ್ ಕಡಿ ಅಕ್ಷತಾಕ್ಕ ಮೊದ್ಲ ಉಪ್ಪಿಟ್ಟ ತಿನಸ್ತಾರ್ರೀ ಯಾರಿಗೂ ಗೊತ್ತಾಗದಂಗ. ದೇವರು ಏನೂ ಅನ್ನಂಗಿಲ್ಲ.

ಕಲ್ಪತರು_ನಾಡು

ನಾನು ಮತ್ತೆ ರಾಹುಕಾಲದ ವಿಷಯಕ್ಕೇ ಬರ್ತೀನಿ, ಬೈಬೇಡಿ. 3 ಗಂಟೆಗೆ ಮಡಿಲಕ್ಕಿ ಅಂತ ಬರೆದಿದೀರ. ಅಳು, ಫೋಟೋ, ಸೂಟ್ ಕೇಸ್ ಕಾರಿಗೆ ಹಾಕೋದು, ಹೀಗೇ 4:20 ಆಗತ್ತೆ. 4:30 ಆದ್ರೆ ಬೀಗರ ಕಡೆ ಅಜ್ಜಿ ಒಬ್ರು "ಈಗ ಹೊರಡಂಗಿಲ್ಲ, 6 ಕಳೀಲಿ" ಅಂತಾರೆ. ಛತ್ರದವ್ರು 4ಕ್ಕೆ ಖಾಲಿ ಅಂದಿದಾರೆ. ಆ ಒಂದೂವರೆ ಗಂಟೆ ಎಲ್ಲಿ ಕೂರಿಸ್ತೀರ ಅವ್ರನ್ನ?

ತಿಪಟೂರು_ಅಣ್ಣಯ್ಯ

ಸಾರ್ ಕ್ಷಮಿಸಿ, ಮೊದಲ ಸಲ ನಾನೇ ಅರ್ಥ ಮಾಡ್ಕೊಂಡಿಲ್ಲ. ಒಪ್ಪಿಸೋದನ್ನ 2:45ಕ್ಕೆ ಎಳೆದೆ, ಸೂಟ್ ಕೇಸ್ ಎಲ್ಲ 1 ಗಂಟೆಗೇ ಕಾರಿಗೆ, ಅದಕ್ಕೊಬ್ಬ ಕಸಿನ್. ಭಾವನ ಫೋನ್ ಕೆಲಸ ಪಕ್ಕದ ಮನೆ ಅಂಕಲ್ ಮಗನಿಗೆ ಕೊಟ್ಟೆ.

ಛತ್ರದ_ಬೀಗದಕೈ

ಹಿಂದಿನ ದಿನ ಛತ್ರದ ಒಳಗೆ ಕಾಲಿಡುವಾಗ್ಲೇ ಕರೆಂಟ್ ಮೀಟರ್ ರೀಡಿಂಗ್ ಫೋಟೋ ತೆಗೀರಿ, ಜನರೇಟರ್ ಗಂಟೆ ಮೀಟರ್ ಇದ್ರೆ ಅದೂ. ಪಾತ್ರೆ ಎಣಿಸಿ ಪಟ್ಟಿಗೆ ಇಬ್ರೂ ಸಹಿ. ಬಿಟ್ಟು ಹೋಗೋವಾಗ ಅದೇ ಪಟ್ಟಿ. ಆ ಕೆಲಸಕ್ಕೆ ನೀವು ಬೇಡ, ತಂಗಿ ಹೊರಡೋ ಹೊತ್ತಲ್ಲಿ ನೀವು ಸೌಟು ಎಣಿಸ್ತಾ ನಿಲ್ಲಬಾರ್ದು.

---

ತಿಪಟೂರು_ಅಣ್ಣಯ್ಯ

ಮದುವೆ ಆಯ್ತು! ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ.

ತಾಳಿ 9:17. ಭಾವ ಕೈ ಎತ್ತಿದ್ದು ವಿಡಿಯೋದಲ್ಲೂ ಬಂದಿದೆ, ಟ್ರಾಫಿಕ್ ಪೊಲೀಸ್ ಥರ. ಮೇಕಪ್ 7:05ಕ್ಕೆ ಮುಗೀತು, ಅಕ್ಕ ಬಾಗಿಲಲ್ಲಿ ಮಾಡಿದ ಗಲಾಟೆಗೆ ಒಬ್ರು ಅತ್ತೆ ಮಾತು ಬಿಟ್ಟಿದಾರೆ, ಸರಿಹೋಗ್ತಾರೆ. ಅರಳು ಹಾಕುವಾಗ ನನ್ನ ಫೋನು ರೂಮಲ್ಲಿತ್ತು, ಆಮೇಲೆ ನೋಡಿದ್ರೆ 31 ಮಿಸ್ಡ್ ಕಾಲ್, ಅದ್ರಲ್ಲಿ 28 "ಛತ್ರ ಎಲ್ಲಿ ಬರತ್ತೆ" ಅಂತ ನೆಂಟರದ್ದು. ಸಪ್ಲೈಯರ್ಸ್ ಗೆ ಮಾತ್ರ ಹೊಸ ನಂಬರ್ ಕೊಟ್ಟಿದ್ದೆ, ಕಾರ್ಡಲ್ಲಿ ನನ್ನ ನಂಬರ್ರೇ ಇತ್ತು. ಇದನ್ನ ಯಾರೂ ಹೇಳಿರ್ಲಿಲ್ಲ.

ಎಡವಿದ್ದು ಊಟದಲ್ಲಿ. ಮೊದಲನೇ ಪಂಕ್ತಿ 11:00ಕ್ಕೆ ಅಂದ್ರೆ 120 ಜನ ಮಾತ್ರ ಕೂತ್ರು, ಎಲ್ರೂ ಮುಯ್ಯಿ ಸಾಲಲ್ಲಿದ್ರು. 12:30ಕ್ಕೆ ಸಾಲು ಬಿಟ್ಟೋರೆಲ್ಲ ಒಟ್ಟಿಗೆ ಬಂದು ಬಾಗಿಲಲ್ಲಿ ನೂಕಾಟ. ಆರು ಪಂಕ್ತಿ ಆಯ್ತು, ಕೊನೇದು ಎದ್ದಾಗ 3:35. ಎಲೆ ಲೆಕ್ಕ 874, ಸಹಿ ಇತ್ತು, ಜಗಳ ಇಲ್ಲ. ಬಂದೋರನ್ನ ಮೊದ್ಲು ಊಟಕ್ಕೆ ಕಳಿಸಿ ಆಮೇಲೆ ಸ್ಟೇಜಿಗೆ ಬಿಡಬೇಕಿತ್ತೇನೋ. ತಂಗಿಗೆ 12:10ಕ್ಕೆ ಅಮ್ಮ ಯಾರ ಮಾತೂ ಕೇಳದೆ ಸ್ಟೇಜಿಂದ ಇಳಿಸ್ಕೊಂಡು ಹೋಗಿ ಮೊಸರನ್ನ ತಿನ್ಸಿ 12 ನಿಮಿಷಕ್ಕೆ ವಾಪಸ್ ಕೂರಿಸಿದ್ರು.

ಹುಡುಗಿ ಒಪ್ಪಿಸಿದ್ದು 3:50. 4:15ಕ್ಕೆ ಕಾರು ಹೊರಟ್ತು. ಅಷ್ಟೊತ್ತಲ್ಲಿ ನಾನೂ ಪಾತ್ರೆ ಎಣಿಸ್ತಿರ್ಲಿಲ್ಲ, ಸುಮ್ನೆ ಗೇಟಲ್ಲಿ ನಿಂತಿದ್ದೆ.

ಛತ್ರದ_ಬೀಗದಕೈ

ಒಳ್ಳೇದಾಯ್ತು. ಪಾತ್ರೆ ಸರಿ ಇತ್ತಾ?

ತಿಪಟೂರು_ಅಣ್ಣಯ್ಯ

ಒಂದು ಕೊಳಗ, ಎರಡು ಸೌಟು ಕಮ್ಮಿ. ಸೌಟು ದೊಡ್ಡಮ್ಮನ ಮಾಂಗಲ್ಯದ ಚೀಲದಲ್ಲಿ ಸಿಕ್ತು, ಅಲ್ಲಿಗೆ ಹೆಂಗೆ ಹೋಯ್ತು ಅಂತ ಅವ್ರಿಗೂ ಗೊತ್ತಿಲ್ಲ. ಕೊಳಗ ಇನ್ನೂ ಹುಡುಕ್ತಿದೀವಿ.